ಚಾವಿ ಗಡಿಯಾರದ ಟಿಕ್ ಟಿಕ್: ‘ಶಬ್ದ’ ಪಾಠದ ಮೂರು ಅವಧಿಗಳು

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಶಿಗ್ಗಾಂವದ ಒಂದು ಪ್ರೌಢಶಾಲೆಯ ಒಂಬತ್ತನೆಯ ತರಗತಿ. ಘಟಕ ‘ಶಬ್ದ’. ಆವೃತ್ತಿ ಎಂಬ ಪರಿಕಲ್ಪನೆಗೆ ಪಾಠಯೋಜನೆ ಬರೆಯುವಾಗ ಕಲಿಕೋಪಕರಣಗಳ ಅಂಕಣದಲ್ಲಿ ‘ಶ್ರುತಿಕವೆ’ ಎಂದು ಬರೆಯುವುದು ನಮ್ಮಲ್ಲಿ ರೂಢಿ. ನಾನು ಅದರ ಕೆಳಗೆ ‘ಚಾವಿ ಕೊಡುವ ಕೈಗಡಿಯಾರ, 1’ ಎಂದು ಸೇರಿಸಿದೆ. ನಮ್ಮಪ್ಪ ಊರಿನ ಪೇಟೆಯಲ್ಲಿ ವಾಚ್ ರಿಪೇರಿ ಮಾಡುತ್ತಾರೆ. ಅವರ ಮೇಜಿನ ಪಕ್ಕ ಕುಳಿತು ಬೆಳೆದವಳಿಗೆ ಈ ಉಪಕರಣ ದುಡ್ಡಿಲ್ಲದೆ ಸಿಗುತ್ತದೆ ಎನ್ನುವುದೂ ಒಂದು ಕಾರಣ. ಆದರೆ ಮುಖ್ಯ ಕಾರಣ ಬೇರೆ. ಶ್ರುತಿಕವೆಯ ಕಂಪನ ಕಣ್ಣಿಗೆ ಕಾಣುವುದಿಲ್ಲ, ಲೆಕ್ಕಕ್ಕೂ ಸಿಗುವುದಿಲ್ಲ. ಚಾವಿ ಗಡಿಯಾರದ ಬೆನ್ನು ಬಿಚ್ಚಿದರೆ ಕಂಪನವನ್ನು ಕಣ್ಣಿಂದ ನೋಡಬಹುದು, ಕಿವಿಯಿಂದ ಎಣಿಸಬಹುದು.

ನಾನು ಒಯ್ದದ್ದು ಎಚ್‌ಎಂಟಿ ಜನತಾ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್‌ಎಂಟಿ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರದ ಕಾರ್ಖಾನೆ ಆರಂಭಿಸಿತು. ಮುಂದೆ ತುಮಕೂರಿನಲ್ಲೂ ಒಂದು ಬಂತು. 2016ರಲ್ಲಿ ಕೇಂದ್ರ ಸರ್ಕಾರ ಗಡಿಯಾರ ವಿಭಾಗವನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಗಡಿಯಾರಗಳು ಮಾತ್ರ ಇನ್ನೂ ಮನೆಮನೆಯ ಟ್ರಂಕಿನಲ್ಲಿ ಇವೆ. ಮದುವೆಯಲ್ಲಿ ಬಂದದ್ದು, ನಿವೃತ್ತಿಯಾದಾಗ ಕೊಟ್ಟದ್ದು, ಅಜ್ಜ ತೀರಿಕೊಂಡ ಮೇಲೆ ಯಾರೂ ಕಟ್ಟದೆ ಬಿಟ್ಟದ್ದು. ಆದ್ದರಿಂದ ಈ ಪಾಠ ಮಾಡಬೇಕೆನ್ನುವ ಪ್ರಶಿಕ್ಷಣಾರ್ಥಿಗೆ ಉಪಕರಣ ಹುಡುಕುವುದು ಕಷ್ಟವಾಗಲಾರದು.

ಪೂರ್ವಜ್ಞಾನ ಪರೀಕ್ಷೆಗೆ ಒಂದೇ ಪ್ರಶ್ನೆ ಕೇಳಿದೆ. ಗಡಿಯಾರ ಒಂದು ನಿಮಿಷಕ್ಕೆ ಎಷ್ಟು ಸಲ ಟಿಕ್ ಅನ್ನುತ್ತದೆ? ಇಡೀ ತರಗತಿ ಒಂದೇ ದನಿಯಲ್ಲಿ ‘ಅರವತ್ತು’ ಎಂದಿತು. ಅವರು ಹೇಳಿದ್ದು ಗೋಡೆಯ ಮೇಲಿನ ಸೆಲ್ಲಿನ ಗಡಿಯಾರದ ಲೆಕ್ಕ. ಅದರೊಳಗಿನ ಪುಟ್ಟ ಮೋಟಾರು ಸೆಕೆಂಡಿಗೊಮ್ಮೆ ಮುಳ್ಳನ್ನು ಒಂದು ಹೆಜ್ಜೆ ತಳ್ಳುತ್ತದೆ, ಆ ತಳ್ಳಿಗೇ ಸದ್ದು ಬರುತ್ತದೆ. ಅಲ್ಲಿ ಅರವತ್ತು ಸರಿ. ಚಾವಿ ಗಡಿಯಾರವನ್ನು ಮಾತ್ರ ಅವರು ಎಣಿಸಿಯೇ ನೋಡಬೇಕು.

ಗಡಿಯಾರವನ್ನು ಬರೀ ಬೆಂಚಿನ ಹಲಗೆಯ ಮೇಲೆ ಇಟ್ಟು, ಆ ಹಲಗೆಗೇ ಕಿವಿ ಹಚ್ಚಲು ಹೇಳಿದೆ. ಗಾಳಿಯಲ್ಲಿ ಕೇಳಿಸದ ಟಿಕ್ ಕಟ್ಟಿಗೆಯ ಮೂಲಕ ಸ್ಪಷ್ಟವಾಗಿ ಬರುತ್ತದೆ. ಘನವಸ್ತುವಿನಲ್ಲಿ ಶಬ್ದದ ಪ್ರಸಾರ ಎಂಬ ಹಿಂದಿನ ಅವಧಿಯ ಮಾತು ಇಲ್ಲಿ ಮತ್ತೆ ನೆನಪಿಗೆ ಬಂತು. ಎಣಿಸುವುದು ಮಾತ್ರ ಸುಲಭವಲ್ಲ. ಟಿಕ್ಕುಗಳು ಎಷ್ಟು ಬೇಗ ಬರುತ್ತವೆಂದರೆ ಬಾಯಿಂದ ‘ಹನ್ನೊಂದು, ಹನ್ನೆರಡು’ ಎನ್ನುವಷ್ಟರಲ್ಲಿ ಮೂರು ಕಳೆದಿರುತ್ತವೆ. ಅದಕ್ಕೆ ಅಪ್ಪ ಹೇಳಿಕೊಟ್ಟ ಉಪಾಯವಿದೆ. ಎಣಿಸಬಾರದು, ಪೆನ್ಸಿಲಿನಿಂದ ಕಾಗದದ ಮೇಲೆ ಎಡದಿಂದ ಬಲಕ್ಕೆ ಸರಿಯುತ್ತ ಪ್ರತಿ ಟಿಕ್ಕಿಗೂ ಒಂದು ಚುಕ್ಕೆ ಕುಟ್ಟುತ್ತ ಹೋಗಬೇಕು. ಇನ್ನೊಬ್ಬರು ಹತ್ತು ಸೆಕೆಂಡಿಗೆ ‘ನಿಲ್ಲು’ ಎನ್ನಬೇಕು. ಆಮೇಲೆ ಚುಕ್ಕೆಗಳನ್ನು ಎಣಿಸಬೇಕು. ಎಂಟು ಗುಂಪುಗಳಲ್ಲಿ 48ರಿಂದ 52ರವರೆಗೆ ಬಂತು. ಹತ್ತು ಸೆಕೆಂಡಿಗೆ 50, ಅಂದರೆ ಸೆಕೆಂಡಿಗೆ 5, ನಿಮಿಷಕ್ಕೆ 300, ತಾಸಿಗೆ 18,000. ಎಚ್‌ಎಂಟಿಯ ಈ ಯಂತ್ರಕ್ಕೆ ತಯಾರಕರು ಇಟ್ಟ ಲೆಕ್ಕವೂ ಅದೇ 18,000.

ಇಷ್ಟಾದ ಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ‘ಅಕ್ಕಾರ, ಮನಿಷ್ಯಾಗ 20 ಹರ್ಟ್ಸ್‌ಗಿಂತ ಕಡಿಮಿ ಕೇಳ್ಸೂದಿಲ್ಲ ಅಂತ ನಿನ್ನೆ ಬರಸೀರಿ. ಇದು ಐದ ಐತಿ. ಮತ್ತ ನಮಗ ಹ್ಯಾಂಗ ಕೇಳಸ್ತು?’

ನನ್ನ ಪಾಠಯೋಜನೆಯಲ್ಲಿ ಈ ಪ್ರಶ್ನೆ ಇರಲಿಲ್ಲ. ಇಡೀ ಘಟಕದಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಾನು ಕೇಳಿಲ್ಲ. ಉತ್ತರ ಹೇಳಬೇಕಾದರೆ ಟಿಕ್ ಎಂಬ ಸದ್ದನ್ನು ಯಾವ ಭಾಗ ಮಾಡುತ್ತದೆ ಎಂಬುದನ್ನು ಮೊದಲು ಬಿಡಿಸಬೇಕು. ಅದಕ್ಕೆ ಎರಡನೆಯ ಅವಧಿ ಪೂರ್ತಿ ಹೋಯಿತು.

ಗಡಿಯಾರದ ಹಿಂದಿನ ಮುಚ್ಚಳ ತೆಗೆದರೆ ಕಾಣುವ ಜೀವಂತ ಭಾಗ ಒಂದೇ, ಅತ್ತಿತ್ತ ತಿರುಗುತ್ತಿರುವ ಬ್ಯಾಲೆನ್ಸ್ ಚಕ್ರ. ಮಕ್ಕಳು ಸಹಜವಾಗಿ ಸದ್ದು ಅದರದೇ ಎಂದರು. ಕೆಲವರು ‘ಸ್ಪ್ರಿಂಗ್ ಬಿಚ್ಚುವ ಸದ್ದು’ ಎಂದರು. ಎರಡೂ ಅಲ್ಲ. ಅವು ಎರಡೂ ಸದ್ದಿಲ್ಲದೆ ಕೆಲಸ ಮಾಡುತ್ತವೆ. ನಿಜವನ್ನು ತೋರಿಸಲು ನಾನು ರಟ್ಟಿನಲ್ಲಿ ಒಂದು ದೊಡ್ಡ ಮಾದರಿ ಮಾಡಿಕೊಂಡಿದ್ದೆ. ಒಂದು ಮೊಳದಗಲದ ಚಕ್ರ, ಅಂಚಿನಲ್ಲಿ ಒಂದೇ ಕಡೆಗೆ ಬಾಗಿದ 15 ಹಲ್ಲು. ಅಚ್ಚಿಗೆ ದಾರ ಸುತ್ತಿ, ದಾರದ ತುದಿಗೆ ಒಂದು ಕಲ್ಲು. ಚಕ್ರದ ಮೇಲ್ಗಡೆ ಲಂಗರಿನ ಆಕಾರದ ಒಂದು ತುಂಡು. ಅದಕ್ಕೆ ಎರಡು ತೋಳು, ಮಧ್ಯದಲ್ಲಿ ಮೊಳೆ, ಮೇಲೆ ಕವಲೊಡೆದ ಬಾಲ.

ಕಲ್ಲು ಇಲ್ಲಿ ಮೇನ್‌ಸ್ಪ್ರಿಂಗ್. ನಿಜವಾದ ಗಡಿಯಾರದಲ್ಲಿ ಅದು ತೆಳ್ಳಗಿನ ಉಕ್ಕಿನ ಪಟ್ಟಿ, ಒಂದು ಮುಚ್ಚಿದ ಡಬ್ಬಿಯೊಳಗೆ ಸುರುಳಿಯಾಗಿ ಕುಳಿತಿರುತ್ತದೆ. ನಾವು ಬೆಳಿಗ್ಗೆ ಚಾವಿ ಕೊಟ್ಟಾಗ ಅದನ್ನು ಬಿಗಿಯುತ್ತೇವೆ, ಅದು ಬಿಚ್ಚಿಕೊಳ್ಳುವ ಒತ್ತಾಯದಲ್ಲಿ ಡಬ್ಬಿಯನ್ನು ತಿರುಗಿಸಲು ನೋಡುತ್ತದೆ. ಡಬ್ಬಿಯ ಹಲ್ಲು ಮುಂದಿನ ಚಕ್ರವನ್ನು, ಅದು ಅದರ ಮುಂದಿನದನ್ನು ತಳ್ಳುತ್ತದೆ. ಗಂಟೆಗೆ ಒಂದು ಸುತ್ತಿನ ಚಕ್ರ, ನಿಮಿಷಕ್ಕೆ ಒಂದು ಸುತ್ತಿನ ಚಕ್ರ, ಕೊನೆಗೆ ಈ 15 ಹಲ್ಲಿನ ಎಸ್ಕೇಪ್ ಚಕ್ರ. ತಡೆಯುವವರು ಇಲ್ಲದಿದ್ದರೆ ಏನಾಗುತ್ತದೆ ಎಂದು ತೋರಿಸಲು ಲಂಗರನ್ನು ಎತ್ತಿ ಹಿಡಿದೆ. ಚಕ್ರ ಗಿರ್ರನೆ ತಿರುಗಿ ಕಲ್ಲು ನೆಲಕ್ಕೆ ಬಿತ್ತು, ತರಗತಿ ನಕ್ಕಿತು. ನಿಜವಾದ ಗಡಿಯಾರದಲ್ಲೂ ಚಾವಿ ಇರುವಾಗ ಪ್ಯಾಲೆಟ್ ಬಿಚ್ಚಿದರೆ ಹೀಗೆಯೇ ಒಂದೂವರೆ ದಿನದ ಶಕ್ತಿ ಕೆಲವು ಕ್ಷಣಗಳಲ್ಲಿ ಖಾಲಿಯಾಗುತ್ತದೆ, ಚಕ್ರಗಳ ಸೂಜಿಮೊನೆಯ ಅಚ್ಚುಗಳು ಮುರಿದರೂ ಮುರಿದವು. ಅಪ್ಪ ಯಾವ ಗಡಿಯಾರ ಬಿಚ್ಚುವುದಿದ್ದರೂ ಮೊದಲು ಚಾವಿಯನ್ನು ನಿಧಾನಕ್ಕೆ ಇಳಿಸಿಕೊಳ್ಳುವುದು ಇದಕ್ಕೇ.

ಲಂಗರಿನಂಥ ಆ ತುಂಡೇ ಪ್ಯಾಲೆಟ್. ಅದರ ಎರಡು ತೋಳಿನ ತುದಿಗೆ ಒಂದೊಂದು ಕೆಂಪು ಹರಳು ಇರುತ್ತದೆ. ಡಯಲ್ ಮೇಲೆ ‘17 ಜ್ಯುವೆಲ್ಸ್’ ಎಂದು ಬರೆದಿರುತ್ತದಲ್ಲ, ಆ ಹದಿನೇಳರಲ್ಲಿ ಎರಡು ಇವು. ಇನ್ನೊಂದು ಹರಳು ಬ್ಯಾಲೆನ್ಸ್ ಚಕ್ರದ ಅಚ್ಚಿನ ಬಳಿ ಮೊಳೆಯಂತೆ ನಿಂತಿರುತ್ತದೆ. ಟಿಕ್ ಎಂಬ ಘಟನೆಯಲ್ಲಿ ಹೊಡೆದಾಡುವವು ಈ ಮೂರು. ಉಳಿದ ಹದಿನಾಲ್ಕು ಅಚ್ಚುಗಳಿಗೆ ಆಸರೆಯಾಗಿ ಸುಮ್ಮನೆ ಇರುತ್ತವೆ.

ಈಗ ಒಂದು ಟಿಕ್ಕನ್ನು ನಿಧಾನಕ್ಕೆ ನೋಡೋಣ. ಮಾದರಿಯಲ್ಲಿ ಬ್ಯಾಲೆನ್ಸ್ ಚಕ್ರದ ಪಾತ್ರ ನನ್ನ ಬೆರಳಿನದು. ಆರಂಭದಲ್ಲಿ ಎಸ್ಕೇಪ್ ಚಕ್ರದ ಒಂದು ಹಲ್ಲು ಎಡ ಹರಳಿಗೆ ಆನಿಕೊಂಡು ನಿಂತಿದೆ. ಇಡೀ ಚಕ್ರಗಳ ಸಾಲು ನಿಂತಿದೆ, ಮುಳ್ಳುಗಳೂ ನಿಂತಿವೆ. ಅಷ್ಟರಲ್ಲಿ ತಿರುಗಿ ಬಂದ ಬ್ಯಾಲೆನ್ಸ್ ಚಕ್ರದ ಮೊಳೆ ಪ್ಯಾಲೆಟ್ಟಿನ ಬಾಲದ ಕವಲಿಗೆ ತಾಗಿ ಅದನ್ನು ಸರಿಸುತ್ತದೆ. ಎಡ ಹರಳು ಹಲ್ಲಿನಿಂದ ಜಾರುತ್ತದೆ, ಬೀಗ ತೆಗೆದಂತೆ. ಬಿಡುಗಡೆಯಾದ ಹಲ್ಲು ಹರಳಿನ ಓರೆ ಮುಖವನ್ನು ಉಜ್ಜಿಕೊಂಡು ಹೋಗುತ್ತ ಪ್ಯಾಲೆಟ್ಟನ್ನು ನೂಕುತ್ತದೆ, ಪ್ಯಾಲೆಟ್ಟಿನ ಕವಲು ಬ್ಯಾಲೆನ್ಸ್ ಚಕ್ರವನ್ನು ನೂಕುತ್ತದೆ. ಜೋಕಾಲಿ ಆಡುವವನಿಗೆ ಹಿಂದಿನಿಂದ ಒಂದು ಕೈ ಕೊಟ್ಟಂತೆ. ಮೇನ್‌ಸ್ಪ್ರಿಂಗಿನ ಶಕ್ತಿ ಬ್ಯಾಲೆನ್ಸ್ ಚಕ್ರಕ್ಕೆ ತಲುಪುವುದು ಈ ಒಂದು ನೂಕಿನಲ್ಲಿ ಮಾತ್ರ. ನೂಕು ಮುಗಿದ ಕೂಡಲೇ ಚಕ್ರ ಒಂದಿಷ್ಟು ಖಾಲಿ ಜಾಗ ದಾಟಿ ಮುಂದೋಡುತ್ತದೆ. ಅಷ್ಟರಲ್ಲಿ ಎದುರು ಬದಿಯ ಇನ್ನೊಂದು ಹಲ್ಲು ಬಲ ಹರಳಿಗೆ ಬಂದು ಬಡಿಯುತ್ತದೆ, ಪ್ಯಾಲೆಟ್ಟಿನ ಬಾಲವೂ ಬದಿಯ ತಡೆಗೆ ಹೋಗಿ ತಾಗುತ್ತದೆ. ಎಲ್ಲ ಮತ್ತೆ ನಿಂತಿತು.

ಆ ಕೊನೆಯ ಬಡಿತವೇ ನಮಗೆ ಮುಖ್ಯವಾಗಿ ಕೇಳಿಸುವ ಟಿಕ್. ನಿಜವಾಗಿ ಪ್ರತಿ ಟಿಕ್ಕಿನಲ್ಲಿ ಬೇರೆ ಬೇರೆ ಸಣ್ಣ ಸದ್ದುಗಳಿವೆ. ಮೊಳೆ ಕವಲಿಗೆ ತಾಗಿದ್ದು, ಹಲ್ಲು ನೂಕಲು ತೊಡಗಿದ್ದು, ಕೊನೆಗೆ ಇನ್ನೊಂದು ಹಲ್ಲು ಸಿಕ್ಕಿಬಿದ್ದದ್ದು. ಅವು ಒಂದರ ಬೆನ್ನಿಗೆ ಒಂದು ಬರುವುದರಿಂದ ಕಿವಿಗೆ ಒಂದೇ ಆಗಿ ಕೇಳುತ್ತವೆ. ಕೊನೆಯದೇ ಎಲ್ಲಕ್ಕಿಂತ ಜೋರು. ಗಡಿಯಾರ ಓಡುವ ಸದ್ದು ಎಂದು ನಾವು ಅಂದುಕೊಂಡದ್ದು ಅದು ನಿಲ್ಲುವ ಸದ್ದು. ಬ್ಯಾಲೆನ್ಸ್ ಚಕ್ರ ಮರಳಿ ಬರುವಾಗ ಇದೇ ಆಟ ಬಲದಿಂದ ಎಡಕ್ಕೆ ನಡೆಯುತ್ತದೆ, ಅದು ಎರಡನೆಯ ಟಿಕ್. ಹೀಗೆ ಎರಡು ಟಿಕ್ಕಿಗೆ ಚಕ್ರ ಒಂದು ಹಲ್ಲು ಮುಂದಕ್ಕೆ ಹೋಗುತ್ತದೆ. ಹದಿನೈದು ಹಲ್ಲಿಗೆ 30 ಟಿಕ್, ಅಂದರೆ 6 ಸೆಕೆಂಡಿಗೆ ಒಂದು ಸುತ್ತು. ನಿಮಿಷಕ್ಕೆ 10 ಸುತ್ತು. ಈ ಗುಣಾಕಾರವನ್ನು ನಾನು ಹೇಳಲಿಲ್ಲ, ಮಕ್ಕಳೇ ಮಾಡಿದರು.

ಇಲ್ಲಿ ಪ್ರಶಿಕ್ಷಣಾರ್ಥಿಗಳು ಗಮನಿಸಬೇಕಾದ ಒಂದು ತೊಡಕಿದೆ. ಸೆಕೆಂಡಿಗೆ ಟಿಕ್ 5 ಇದ್ದರೂ ಬ್ಯಾಲೆನ್ಸ್ ಚಕ್ರದ ಆವೃತ್ತಿ 5 ಹರ್ಟ್ಸ್ ಅಲ್ಲ, 2.5 ಹರ್ಟ್ಸ್. ಹೋಗಿ ಬಂದರೆ ಒಂದು ಪೂರ್ಣ ಆಂದೋಲನ, ಅದರಲ್ಲಿ ಹೋಗುವಾಗ ಒಂದು ಟಿಕ್, ಬರುವಾಗ ಒಂದು ಟಿಕ್. ಒಂದು ಆಂದೋಲನಕ್ಕೆ 0.4 ಸೆಕೆಂಡು. ಪುಸ್ತಕದ ‘ಆವರ್ತ’ ಎಂಬ ಪದಕ್ಕೆ ಇದಕ್ಕಿಂತ ಹಿಡಿತಕ್ಕೆ ಸಿಗುವ ಉದಾಹರಣೆ ನನಗೆ ಗೊತ್ತಿಲ್ಲ.

ಈಗ ಹುಡುಗನ ಪ್ರಶ್ನೆಗೆ ಬರಬಹುದು. ಸೆಕೆಂಡಿಗೆ ಐದು ಎನ್ನುವುದು ಬಡಿತಗಳು ಎಷ್ಟು ಸಲ ಬರುತ್ತವೆ ಎಂಬ ಲೆಕ್ಕ. ಪ್ರತಿ ಬಡಿತವೂ ಹರಳು, ಉಕ್ಕು, ಗಡಿಯಾರದ ಕೇಸು ಎಲ್ಲವನ್ನೂ ಒಂದು ಕ್ಷಣ ನಡುಗಿಸುತ್ತದೆ. ಆ ನಡುಕ ಸೆಕೆಂಡಿಗೆ ಸಾವಿರಾರು ಸಲದ ವೇಗದ್ದು, ಕೂಡಲೇ ಆರಿಹೋಗುತ್ತದೆ. ಕಿವಿ ಕೇಳುವುದು ಆ ಸಾವಿರಾರು ಹರ್ಟ್ಸ್‌ನ ನಡುಕವನ್ನು. ಶಾಲೆಯ ಗಂಟೆಯನ್ನು ಜವಾನರು ಸೆಕೆಂಡಿಗೆ ಎರಡು ಸಲ ಬಾರಿಸಿದರೆ ಗಂಟೆಯ ನಾದ 2 ಹರ್ಟ್ಸ್ ಆಗುವುದಿಲ್ಲವಲ್ಲ, ಹಾಗೆಯೇ ಇದು. ಈ ಹೋಲಿಕೆ ಕೊಟ್ಟಾಗ ಹುಡುಗ ಒಂದು ಗಳಿಗೆ ಸುಮ್ಮನಿದ್ದು, ‘ಹಂಗಾರ ಬಾರಸೂದು ಬ್ಯಾರೆ, ನಡಗೂದು ಬ್ಯಾರೆ’ ಎಂದ. ಅದನ್ನೇ ಕಪ್ಪುಹಲಗೆಯ ಮೇಲೆ ಬರೆಸಿದೆ.

ಮೂರನೆಯ ಅವಧಿಯನ್ನು ನಡೆಸಿದ್ದು ಒಬ್ಬ ಹುಡುಗಿ ತಂದ ಗಡಿಯಾರ. ತೀರಿಕೊಂಡ ಅಜ್ಜನದು, ಅದೂ ಎಚ್‌ಎಂಟಿಯೇ. ದಿನಕ್ಕೆ 12 ನಿಮಿಷ ಮುಂದೆ ಓಡುತ್ತದೆ, ರಿಪೇರಿಗೆ ದುಡ್ಡು ಹಾಕುವುದಕ್ಕಿಂತ ಗುಜರಿಗೆ ಕೊಡೋಣ ಎಂದು ಮನೆಯಲ್ಲಿ ಮಾತಾಗಿತ್ತಂತೆ. ‘ಅಕ್ಕಾರ, ಸ್ಪ್ರಿಂಗ್ ಜೋರ್ ಆಗೈತ್ರಿ? ಚಾವಿ ಕಡಿಮಿ ಕೊಟ್ರ ಸರಿ ಆಗತೈತೇನ್ರಿ?’ ಎಂದು ಅವಳ ಪ್ರಶ್ನೆ.

ಇದು ಎಲ್ಲರಿಗೂ ಬರುವ ಊಹೆ. ತಳ್ಳುವವನು ಜೋರಾಗಿ ತಳ್ಳಿದರೆ ಗಾಡಿ ಬೇಗ ಹೋಗುತ್ತದೆ, ಹಾಗೆಯೇ ಬೆಳಿಗ್ಗೆ ತುಂಬ ಚಾವಿ ಇದ್ದಾಗ ಗಡಿಯಾರ ಬೇಗ, ರಾತ್ರಿ ನಿಧಾನ ಓಡಬೇಕು. ಹಾಗೆ ಓಡದಿರುವುದಕ್ಕೆ ಕಾರಣ ಬ್ಯಾಲೆನ್ಸ್ ಚಕ್ರದ ನಡುವೆ ಇರುವ, ಕೂದಲಿನಷ್ಟು ಸಣ್ಣ ಇನ್ನೊಂದು ಸುರುಳಿ, ಹೇರ್‌ಸ್ಪ್ರಿಂಗ್. ಅದು ಶಕ್ತಿ ಕೊಡುವ ಸ್ಪ್ರಿಂಗ್ ಅಲ್ಲ, ಚಕ್ರವನ್ನು ಮಧ್ಯಕ್ಕೆ ಮರಳಿ ಕರೆಯುವ ಸ್ಪ್ರಿಂಗ್. ಚಕ್ರ ಎಷ್ಟು ದೂರ ತಿರುಗಿತೋ ಅಷ್ಟು ಜೋರಾಗಿ ಕರೆಯುತ್ತದೆ. ಎರಡು ಪಟ್ಟು ದೂರ ಹೋದರೆ ಎರಡು ಪಟ್ಟು ಬಲ. ಹೀಗಾಗಿ ದೂರ ಹೋದ ಚಕ್ರ ಅಷ್ಟೇ ವೇಗವಾಗಿ ಮರಳಿ ಬರುತ್ತದೆ, ಹತ್ತಿರ ಹೋದದ್ದು ನಿಧಾನವಾಗಿ ಬರುತ್ತದೆ, ಹಿಡಿಯುವ ಸಮಯ ಒಂದೇ. ಪೂರ್ತಿ ಚಾವಿ ಕೊಟ್ಟಾಗ ಚಕ್ರ ಪ್ರತಿ ಕಡೆಗೂ ಸುಮಾರು ಮುಕ್ಕಾಲು ಸುತ್ತು ಹೋಗುತ್ತದೆ, ಚಾವಿ ಇಳಿದಂತೆ ಅದು ಕಡಿಮೆಯಾಗುತ್ತದೆ, ಆದರೂ ಟಿಕ್ಕುಗಳ ನಡುವಿನ ಅಂತರ ಹೆಚ್ಚುಕಡಿಮೆ ಅಷ್ಟೇ. ಈ ಸುರುಳಿಯನ್ನು ಗಡಿಯಾರಕ್ಕೆ ಹಾಕಿಸಿ 1675ರಲ್ಲಿ ಪ್ರಕಟಿಸಿದವನು ಡಚ್ ವಿಜ್ಞಾನಿ ಕ್ರಿಸ್ತಿಯಾನ್ ಹೈಗೆನ್ಸ್. ಅದಕ್ಕೂ ಮೊದಲಿನ ಜೇಬು ಗಡಿಯಾರಗಳಲ್ಲಿ ನಿಮಿಷದ ಮುಳ್ಳು ಇರುವುದೇ ಅಪರೂಪ. ಇದ್ದರೂ ಅದನ್ನು ನಂಬುವಂತಿರಲಿಲ್ಲ.

ಮಾತಿನಿಂದ ಇದನ್ನು ಮಕ್ಕಳು ಒಪ್ಪಿದರು ಅನಿಸಲಿಲ್ಲ. ಪ್ರಯೋಗ ಹೀಗೆ ಮಾಡಿದೆವು. ಏಕತಾರಿಗೆ ಹಾಕುವಂಥ ತೆಳು ಉಕ್ಕಿನ ತಂತಿ ಅರ್ಧ ಮೀಟರ್ ತೆಗೆದುಕೊಂಡು, ಅದರ ತುದಿಗೆ ಒಂದು ಅಡಿಯ ಕಟ್ಟಿಗೆಯ ಸ್ಕೇಲನ್ನು ನಡುಮಧ್ಯದಲ್ಲಿ ಬಿಗಿಯಾಗಿ ಕಟ್ಟಿ, ಅಡ್ಡಲಾಗಿ ತೂಗುಬಿಟ್ಟೆವು. ಮೇಲಿನ ತುದಿ ಜಾರದಂತೆ ಕಿಟಕಿಯ ಸರಳಿಗೆ ಬಿಗಿದಿರಬೇಕು. ಸ್ಕೇಲನ್ನು ಕಾಲು ಸುತ್ತು ತಿರುವಿ ಬಿಟ್ಟರೆ ಅದು ನಿಧಾನಕ್ಕೆ ಅತ್ತಿತ್ತ ತಿರುಗತೊಡಗುತ್ತದೆ, ನಮ್ಮ ಸ್ಕೇಲಿಗೆ ಒಂದು ಆಂದೋಲನಕ್ಕೆ ಹತ್ತು ಸೆಕೆಂಡಿನ ಆಸುಪಾಸು ಹಿಡಿಯಿತು. ತಂತಿಯ ದಪ್ಪ, ಸ್ಕೇಲಿನ ತೂಕದಂತೆ ನಿಮ್ಮದು ಬೇರೆಯಾದೀತು. ಆಮೇಲೆ ಅರ್ಧ ಸುತ್ತು ತಿರುವಿ ಬಿಟ್ಟೆವು. ಸ್ಕೇಲು ಕಣ್ಣಿಗೆ ಕಾಣುವಷ್ಟು ಬಿರುಸಾಗಿ ತಿರುಗಿತು, ಆದರೆ ಐದು ಆಂದೋಲನಕ್ಕೆ ಹಿಡಿದ ಸಮಯ ಮೊದಲಿನಷ್ಟೇ. ಕೊನೆಗೆ ಸ್ಕೇಲಿನ ಎರಡೂ ತುದಿಗೆ ಒಂದೊಂದು ನಟ್ಟು ಕಟ್ಟಿದೆವು, ಈಗ ನಿಧಾನವಾಯಿತು. ತಂತಿಯನ್ನು ಗಿಡ್ಡ ಮಾಡಿದೆವು, ಬೇಗವಾಯಿತು. ಗಡಿಯಾರದ ಓಟವನ್ನು ಬದಲಿಸುವವು ಎರಡೇ, ಚಕ್ರದ ಭಾರ ಹಂಚಿಕೊಂಡಿರುವ ರೀತಿ ಮತ್ತು ಸುರುಳಿಯ ಬಿಗುಪು, ಎಂದು ಮಕ್ಕಳೇ ಹೇಳಿದರು. ಮೇನ್‌ಸ್ಪ್ರಿಂಗ್ ಆ ಪಟ್ಟಿಯಲ್ಲಿ ಇಲ್ಲ. ಹುಡುಗಿಯ ಮೊದಲ ಪ್ರಶ್ನೆಗೆ ಉತ್ತರ ಅಲ್ಲಿಗೆ ಸಿಕ್ಕಿತು.

ಹಾಗಾದರೆ ಅಜ್ಜನ ಗಡಿಯಾರಕ್ಕೆ ಏನಾಗಿದೆ? ಚುಕ್ಕೆಯ ಉಪಾಯದಿಂದ ಹಿಡಿಯೋಣ ಎಂದು ಮಕ್ಕಳು ಹೊರಟರು. ಹಿಡಿಯಲಾಗುವುದಿಲ್ಲ, ಯಾಕೆಂದು ಲೆಕ್ಕ ಮಾಡಿದೆವು. 12 ನಿಮಿಷಕ್ಕೆ 3,600 ಟಿಕ್. ದಿನಕ್ಕೆ 4,32,000 ಬರಬೇಕಾದಲ್ಲಿ 4,35,600 ಬರುತ್ತಿವೆ. ಹತ್ತು ಸೆಕೆಂಡಿಗೆ 50ರ ಬದಲು 50.4. ಚುಕ್ಕೆ ಕುಟ್ಟುವ ಕೈ ಎರಡು ಚುಕ್ಕೆ ಹೆಚ್ಚುಕಡಿಮೆ ಮಾಡುವಾಗ ಈ 0.4 ಎಲ್ಲಿ ಕಾಣಬೇಕು? ಅದೇ ಒಂದು ತಾಸು ಬಿಟ್ಟು ಮೊಬೈಲಿನ ಗಡಿಯಾರದೊಡನೆ ಹೋಲಿಸಿದರೆ 30 ಸೆಕೆಂಡು ಮುಂದೆ ಹೋಗಿರುತ್ತದೆ, ಅದು ಯಾರಿಗೂ ಕಾಣುತ್ತದೆ. ಪ್ರಾರ್ಥನೆಯಾದ ಮೇಲೆ ಸರಿಮಾಡಿಟ್ಟ ಗಡಿಯಾರವನ್ನು ಪ್ರತಿ ಅವಧಿಯ ಗಂಟೆಗೆ ನೋಡಿ ಬರೆದರು. ಬೆಳಿಗ್ಗೆಯೂ ಮಧ್ಯಾಹ್ನವೂ ಒಂದೇ ಪ್ರಮಾಣದಲ್ಲಿ ಮುಂದೆ ಹೋಗುತ್ತಿತ್ತು.

ಸಂಜೆ ಗಡಿಯಾರ ಅಪ್ಪನ ಮೇಜಿಗೆ ಹೋಯಿತು. ಅಪ್ಪ ಮೊದಲು ಅದನ್ನು ಕಿವಿಗೆ ಹಿಡಿದರು. ಟಿಕ್ಕುಗಳ ಅಂತರ ಸಮನಾಗಿತ್ತು. ‘ಟಿಕ್ಕ-ಟಿಕ್, ಟಿಕ್ಕ-ಟಿಕ್’ ಎಂದು ಕುಂಟುತ್ತಿದ್ದರೆ ಬ್ಯಾಲೆನ್ಸ್ ಚಕ್ರದ ಮೊಳೆ ಸುಮ್ಮನಿರುವಾಗ ಕವಲಿನ ನಡುವೆ ನಿಲ್ಲುತ್ತಿಲ್ಲ ಎಂದರ್ಥ, ಅದು ಬೇರೆ ರೋಗ. ಆಮೇಲೆ 12 ನಿಮಿಷ ಎಂಬ ಅಂಕಿಯನ್ನೇ ಹಿಡಿದುಕೊಂಡು ಮಾತಾಡಿದರು. ‘ನೋಡವ್ವಾ, ಸುಳ್ಯಾಗ ಒಂದ್ ಸುತ್ತ ಎಣ್ಣಿಗಿ ಅಂಟಿತ್ತಂದ್ರ ಹನ್ನೆಡ್ ನಿಮಿಷಕ್ಕ ನಿಲ್ಲೂದಿಲ್ಲ. ತಾಸಗಟ್ಲೆ ಮುಂದ ಓಡತೈತಿ.’

ಇದನ್ನು ಮರುದಿನ ತರಗತಿಯಲ್ಲಿ ಲೆಕ್ಕ ಮಾಡಿ ನೋಡಿದೆವು. ಹೇರ್‌ಸ್ಪ್ರಿಂಗಿನ ಕೆಲಸ ಮಾಡುವ ಉದ್ದ ಕಡಿಮೆಯಾದರೆ ಅದು ಬಿಗಿಯಾಗುತ್ತದೆ, ಆವೃತ್ತಿ ಬಿಗುಪಿನ ವರ್ಗಮೂಲದಂತೆ ಹೆಚ್ಚುತ್ತದೆ. ಸುರುಳಿಯಲ್ಲಿ ಹನ್ನೆರಡು ಸುತ್ತು ಇವೆ ಎಂದುಕೊಂಡು, ಒಂದು ಪೂರ್ತಿ ಸುತ್ತು ಅಂಟಿದರೆ, 12 ಭಾಗಿಸು 11ರ ವರ್ಗಮೂಲ, ಅಂದರೆ ನೂರಕ್ಕೆ ನಾಲ್ಕೂವರೆಯಷ್ಟು ಬೇಗ. ದಿನಕ್ಕೆ ಒಂದು ತಾಸಿಗೂ ಹೆಚ್ಚು. ನಮ್ಮ ಗಡಿಯಾರದ ತಪ್ಪು 1,440 ನಿಮಿಷಕ್ಕೆ 12, ಅಂದರೆ 120ರಲ್ಲಿ ಒಂದು ಪಾಲು. ವರ್ಗಮೂಲದ ಲೆಕ್ಕದಿಂದ ಬಿಗುಪು ಅದರ ಎರಡರಷ್ಟು, 60ರಲ್ಲಿ ಒಂದು ಪಾಲು ಹೆಚ್ಚಾಗಿದೆ. ಸುರುಳಿಯ ಉದ್ದವನ್ನು 60 ಪಾಲು ಮಾಡಿದರೆ ಒಂದು ಪಾಲು ಕೆಲಸ ತಪ್ಪಿಸಿಕೊಂಡಿದೆ, ಅಷ್ಟೇ. ಸುತ್ತು ಪೂರ್ತಿ ಅಂಟಿಲ್ಲ, ಎಲ್ಲೋ ಒಂದಿಷ್ಟು ತಾಗಿ ಬಿಡುತ್ತಿದೆ. ಅಪ್ಪನಿಗೆ ವರ್ಗಮೂಲದ ಹೆಸರು ಬೇಕಾಗಿಲ್ಲ, ಅಂಕಿಯನ್ನು ಕೇಳಿಯೇ ಅವರು ಅಲ್ಲಿಗೆ ಮುಟ್ಟಿದ್ದರು.

ಸ್ವಚ್ಛವಾದ ಸುರುಳಿ ಹೀಗೆ ತಾಗುವುದಕ್ಕೆ ದೊಡ್ಡ ಕಾರಣ ಕಾಂತತೆ. ಗಡಿಯಾರವನ್ನು ಸ್ಪೀಕರಿನ ಮೇಲೋ ಆಯಸ್ಕಾಂತದ ಮುಚ್ಚಳದ ಪರ್ಸಿನಲ್ಲೋ ಇಟ್ಟರೆ ಒಳಗಿನ ಉಕ್ಕಿನ ಭಾಗಗಳು ಕಾಂತೀಯವಾಗುತ್ತವೆ, ಸುರುಳಿಯ ಸುತ್ತುಗಳು ಒಂದನ್ನೊಂದು ಸೆಳೆಯುತ್ತವೆ. ಹುಡುಗಿಯನ್ನು ಕೇಳಿದರೆ, ‘ಟೀವಿ ಬಾಜೂಕ ದೊಡ್ ಸ್ಪೀಕರ್ ಐತ್ರಿ, ಅದರ ಮ್ಯಾಗ ಇಡ್ತಿದ್ವಿ’ ಎಂದಳು. ಪರೀಕ್ಷೆಗೆ ಬೇಕಾದದ್ದು ಶಾಲೆಯ ಪ್ರಯೋಗಾಲಯದಲ್ಲೇ ಇತ್ತು, ಸಣ್ಣ ದಿಕ್ಸೂಚಿ. ಅದನ್ನು ಗಡಿಯಾರದ ಗಾಜಿನ ಮೇಲೆ ಇಟ್ಟು ಮೆಲ್ಲಗೆ ಸರಿಸುತ್ತ ಹೋಗಬೇಕು. ಮುಳ್ಳು ಒಂದು ಕಡೆಗೆ ವಾಲಿದರೆ ಅದರಿಂದ ಏನೂ ಹೇಳಲಾಗುವುದಿಲ್ಲ, ಕೇಸಿನ ಉಕ್ಕಿಗೂ ಮುಳ್ಳು ವಾಲುತ್ತದೆ. ಬ್ಯಾಲೆನ್ಸ್ ಚಕ್ರದ ನೇರಕ್ಕೆ ಬಂದಾಗ ಮುಳ್ಳು ಗಡಿಯಾರದ ಲಯದಲ್ಲಿ ನಡುಗುತ್ತಿದ್ದರೆ ಮಾತ್ರ ಒಳಗೆ ತಿರುಗುತ್ತಿರುವುದು ಕಾಂತೀಯವಾಗಿದೆ ಎಂದು ತಿಳಿಯಬೇಕು. ನಡುಗಿತು. ಹಿಂದಿನ ಬೆಂಚಿನವರೂ ಮೇಜಿನ ಸುತ್ತ ಬಂದು ನಿಂತರು. ನನ್ನ ವೀಕ್ಷಕರು ಕೂಡ ಕುರ್ಚಿ ಬಿಟ್ಟು ಬಂದರು.

ಕಾಂತತೆ ತೆಗೆಯುವುದು ಒಂದು ನಿಮಿಷದ ಕೆಲಸ. ಪರ್ಯಾಯ ವಿದ್ಯುತ್ತಿನ ಸುರುಳಿಯೊಳಗೆ ಗಡಿಯಾರವನ್ನು ಹಿಡಿದು, ವಿದ್ಯುತ್ ಹರಿಯುತ್ತಿರುವಾಗಲೇ ಅದನ್ನು ನಿಧಾನಕ್ಕೆ ದೂರ ಒಯ್ಯಬೇಕು. ಕ್ಷೇತ್ರ ಅತ್ತಿತ್ತ ಬದಲಾಗುತ್ತ ಕ್ಷೀಣಿಸುವುದರಿಂದ ಉಕ್ಕಿನಲ್ಲಿ ಉಳಿಯುವ ಕಾಂತತೆಯೂ ಕ್ಷೀಣಿಸುತ್ತದೆ. ಹತ್ತಿರವಿರುವಾಗ ಸ್ವಿಚ್ ಆರಿಸಿದರೆ ಆ ಕ್ಷಣದ ಕಾಂತತೆ ಹಾಗೇ ಉಳಿಯುತ್ತದೆ, ಕೆಲಸ ಕೆಡುತ್ತದೆ. ಇದು ಮನೆವಿದ್ಯುತ್ತಿನ ಉಪಕರಣವಾದ್ದರಿಂದ ಶಾಲೆಯಲ್ಲಿ ಮಾಡಲಿಲ್ಲ, ಅಪ್ಪನ ಅಂಗಡಿಯಲ್ಲಿ ಮಾಡಿಸಿದೆವು. ಹುಡುಗಿಯೂ ಅವಳ ಅಮ್ಮನೂ ಬಂದಿದ್ದರು. ಮರುದಿನ ಗಡಿಯಾರ 40 ಸೆಕೆಂಡು ಮಾತ್ರ ಮುಂದಿತ್ತು.

ಉಳಿದ 40 ಸೆಕೆಂಡಿಗೆ ಬ್ಯಾಲೆನ್ಸ್ ಚಕ್ರದ ಮೇಲಿನ ಸೇತುವೆಯಲ್ಲಿ ಪ್ಲಸ್, ಮೈನಸ್ ಗುರುತಿನ ನಡುವೆ ಇರುವ ಸಣ್ಣ ಕಡ್ಡಿಯನ್ನು ಅಪ್ಪ ಕಂಡೂ ಕಾಣದಷ್ಟು ಸರಿಸಿದರು. ಆ ಕಡ್ಡಿ ಮಾಡುವುದು ನಮ್ಮ ತಂತಿ ಪ್ರಯೋಗದ್ದೇ ಕೆಲಸ, ಹೇರ್‌ಸ್ಪ್ರಿಂಗಿನ ಕೆಲಸದ ಉದ್ದವನ್ನು ಹೆಚ್ಚು ಅಥವಾ ಕಡಿಮೆ ಮಾಡುವುದು. ಇದರಿಂದ ಪೂರ್ತಿ ಸರಿ ಮಾಡಲಾಗುವುದಿಲ್ಲ ಎಂದೂ ಹೇಳಿದರು. ಚಾವಿ ತೀರಾ ಇಳಿದಾಗ ಚಕ್ರದ ತಿರುಗಾಟ ಸಣ್ಣದಾಗಿ, ನಾನು ಮೇಲೆ ‘ಹೆಚ್ಚುಕಡಿಮೆ’ ಎಂದದ್ದರ ಕಡಿಮೆ ಭಾಗ ಹೊರಬರುತ್ತದೆ. ಮಲಗಿಸಿದಾಗ ಚಕ್ರ ಒಂದೇ ಮೊನೆಯ ಮೇಲೆ ತಿರುಗುತ್ತದೆ, ನಿಲ್ಲಿಸಿದಾಗ ಎರಡೂ ಮೊನೆಗಳು ಬದಿಗೆ ಉಜ್ಜುತ್ತವೆ, ಓಟ ಸ್ವಲ್ಪ ಬೇರೆಯಾಗುತ್ತದೆ. ಆದ್ದರಿಂದ ದಿನವೂ ಒಂದೇ ಹೊತ್ತಿಗೆ ಚಾವಿ ಕೊಡಲು ಹುಡುಗಿಗೆ ಹೇಳಿಕೊಟ್ಟರು. ರಾತ್ರಿ ಡಯಲ್ ಮೇಲೆ ಮಾಡಿ ಇಟ್ಟ ದಿನ ಎಷ್ಟು, ಪಕ್ಕಕ್ಕೆ ನಿಲ್ಲಿಸಿ ಇಟ್ಟ ದಿನ ಎಷ್ಟು ಎಂದು ಒಂದು ವಾರ ಬರೆದು ತರಲೂ ಹೇಳಿದರು. ಅವಳು ಆ ಪಟ್ಟಿಯನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಗೀಟು ಹಾಕಿ ಶುರು ಮಾಡಿದ್ದಾಳೆ. ಮೊದಲ ಮೂರು ದಿನದ ಅಂಕಿಗಳು ಮಲಗಿಸಿದಾಗ 8, 7, 9 ಸೆಕೆಂಡು ಮುಂದೆ.